ಶಾಲೆ ಫೀಸನ್ನು ತಿಂಗಳ ಕಂತಲ್ಲಿ ಕಟ್ಟಲು ಪತ್ರ

«ಮಗಳು ಆರನೇ ಕ್ಲಾಸು. ವರ್ಷದ ಫೀಸು 48,000 ಜೂನ್‌ನಲ್ಲೇ ಒಟ್ಟಿಗೆ ಕಟ್ಟಿ ಅಂತಿದ್ದಾರೆ. ಸಂಬಳ ಬರೋದು 5ನೇ ತಾರೀಖು. ಕಂತು ಕೇಳಿ ಪತ್ರ ಹೇಗೆ ಬರೆಯಲಿ?»

ಬರೀ «ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ» ಅಂತ ಬರೆದರೆ ಪತ್ರ ಮೇಜಿನ ಮೇಲೇ ಉಳಿಯುತ್ತೆ. ಲೆಕ್ಕ ನೀವೇ ಹಾಕಿಕೊಡಿ, ಅವರು ಒಪ್ಪಿ ಸಹಿ ಹಾಕುವಷ್ಟೇ ಕೆಲಸ ಉಳಿಯಲಿ. ಮುಖ್ಯೋಪಾಧ್ಯಾಯರ ಹೆಸರಿಗೆ, ಮಗಳ ಹೆಸರು, ತರಗತಿ, ದಾಖಲಾತಿ ಸಂಖ್ಯೆ ಮೇಲೆ ಬರೆದು, ವಿಷಯಕ್ಕೆ ಹೀಗೆ ಬನ್ನಿ:

«ವಾರ್ಷಿಕ ಶುಲ್ಕ ರೂ. 48,000ದಲ್ಲಿ ರೂ. 8,000 ಜೂನ್ 10ರಂದು ಪಾವತಿಸುತ್ತೇನೆ. ಉಳಿದ ರೂ. 40,000ವನ್ನು ಜುಲೈಯಿಂದ ಫೆಬ್ರವರಿವರೆಗೆ ಪ್ರತಿ ತಿಂಗಳು 10ರೊಳಗೆ ರೂ. 5,000ದಂತೆ ಎಂಟು ಕಂತುಗಳಲ್ಲಿ ಪಾವತಿಸುತ್ತೇನೆ. ಪ್ರತಿ ಕಂತಿಗೂ ರಸೀದಿ ನೀಡಿ, ಒಪ್ಪಿಗೆಯನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.»

10ನೇ ತಾರೀಖು ಯಾಕೆಂದರೆ ಸಂಬಳ ಒಂದೆರಡು ದಿನ ತಡವಾದರೂ ಕಂತು ತಪ್ಪಲ್ಲ. ಫೆಬ್ರವರಿಗೇ ಮುಗಿಸೋದು ಬಹಳ ಮುಖ್ಯ: ವಾರ್ಷಿಕ ಪರೀಕ್ಷೆ ಹೊತ್ತಿಗೆ ಬಾಕಿ ಉಳಿಯುತ್ತೆ ಅನ್ನೋದೇ ಆಡಳಿತ ಮಂಡಳಿಯ ದೊಡ್ಡ ಭಯ.

ಪುಸ್ತಕ, ಸಮವಸ್ತ್ರ, ವ್ಯಾನಿನ ದುಡ್ಡು ಈ 48,000ದಲ್ಲಿ ಸೇರಿದೆಯೇ ಅಂತ ಮೊದಲೇ ಕೇಳಿ ಪತ್ರದಲ್ಲಿ ನಮೂದಿಸಿ. ಜಗಳ ಹುಟ್ಟೋದು ಹೆಚ್ಚಾಗಿ ಅಲ್ಲೇ. ಮುಂದಿನ ದಿನಾಂಕದ ಚೆಕ್ ಕೇಳಿದರೆ ಯೋಚಿಸಿ ಕೊಡಿ; ಖಾತೆಯಲ್ಲಿ ದುಡ್ಡಿಲ್ಲದೆ ಒಂದು ವಾಪಸಾದರೂ ಬ್ಯಾಂಕಿನ ದಂಡ ನಿಮ್ಮ ತಲೆಗೇ.

ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ವಾರದಲ್ಲಿ ಉತ್ತರ ಬರದಿದ್ದರೆ ಆ ಪ್ರತಿ ಹಿಡಿದೇ ಹೋಗಿ ಕೇಳಿ.