ಕಷ್ಟದ ರೋಗಿ, ವೃತ್ತಿಬಾಂಧವರ ಚರ್ಚೆ: ಮಂಡಿಸುವವರು ಸುಮ್ಮನಿರುವ ಹೊತ್ತು

ಪ್ರಶ್ನೆ: ನಮ್ಮ ತಾಲ್ಲೂಕಿನ ಎಂಟು ಮಂದಿ ಸಾಮಾನ್ಯ ವೈದ್ಯರು ತಿಂಗಳಿಗೊಮ್ಮೆ ಸೇರಿ, ನಿಭಾಯಿಸಲು ಕಷ್ಟವಾದ ರೋಗಿಗಳ ಬಗ್ಗೆ ಮಾತನಾಡುತ್ತೇವೆ. ಪ್ರತಿ ಸಲವೂ ಅದು ಮಾತ್ರೆ, ಸ್ಕ್ಯಾನುಗಳ ಸಲಹೆಯಲ್ಲೇ ಮುಗಿಯುತ್ತದೆ. ಪ್ರಕರಣವನ್ನು ಹೇಗೆ ಮಂಡಿಸಬೇಕು?

ಉತ್ತರ: 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಮನೋವಿಶ್ಲೇಷಕರಾದ ಮೈಕೆಲ್ ಬಾಲಿಂಟ್ ಮತ್ತು ಎನಿಡ್ ಬಾಲಿಂಟ್ ಸಾಮಾನ್ಯ ವೈದ್ಯರೊಡನೆ ನಡೆಸಿದ ಗುಂಪುಗಳಿಂದ ಬೆಳೆದುಬಂದ ಕ್ರಮ ನಿಮಗೆ ಹೊಂದುತ್ತದೆ. ಎಂಟು ಮಂದಿಯ ಗುಂಪು ಇದಕ್ಕೆ ಸರಿಯಾದ ಗಾತ್ರವೇ. ಒಂದೂವರೆ ಗಂಟೆಯ ಸಭೆಯಲ್ಲಿ ಒಂದು ಅಥವಾ ಎರಡು ಪ್ರಕರಣ ಸಾಕು.

ಮಂಡಿಸುವವರು ಕೇಸ್ ಶೀಟನ್ನು ಕೈಯಲ್ಲಿ ಹಿಡಿಯಬಾರದು. ನೆನಪಿನಿಂದ ಹೇಳುವಾಗ ಯಾವುದು ಮೊದಲು ಬಾಯಿಗೆ ಬರುತ್ತದೆ, ಯಾವುದು ಮರೆತುಹೋಗುತ್ತದೆ ಎಂಬುದರಲ್ಲೇ ವೈದ್ಯ-ರೋಗಿ ಸಂಬಂಧದ ಅರ್ಧ ಸುಳಿವಿರುತ್ತದೆ. ಬಳಿಕ ಕೆಲವು ನಿಮಿಷ ವಾಸ್ತವಾಂಶಗಳ ಪ್ರಶ್ನೆಗಳಿಗಷ್ಟೇ ಅವಕಾಶವಿರಲಿ. ಆಮೇಲೆ ಮಂಡಿಸಿದವರು ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡು ಸುಮ್ಮನೆ ಕೇಳಬೇಕು. ಉಳಿದವರು ಆ ರೋಗಿಯ ಮತ್ತು ಆ ವೈದ್ಯರ ಜಾಗದಲ್ಲಿ ತಮ್ಮನ್ನು ಇಟ್ಟುಕೊಂಡು ಏನನ್ನಿಸುತ್ತದೆಂದು ಹೇಳಬೇಕು. ನಿಮ್ಮ ಸಭೆಗಳಲ್ಲಿ ಇಲ್ಲದಿರುವುದು ಈ ಘಟ್ಟವೇ ಎಂದು ನನಗನ್ನಿಸುತ್ತದೆ, ಏಕೆಂದರೆ ಮಂಡಿಸಿದವರು ಎದುರಿಗೆ ಕೂತು ಉತ್ತರಿಸುತ್ತಿರುವವರೆಗೆ ಸಲಹೆಯ ಬಾಯಿ ಮುಚ್ಚುವುದಿಲ್ಲ.

ಗುರುತುಗಳನ್ನು ಬದಲಿಸಿ ಒಂದು ಉದಾಹರಣೆ ಹೇಳುತ್ತೇನೆ. ಪ್ರತಿ ವಾರ ಕ್ಲಿನಿಕ್ ಮುಚ್ಚುವ ಹೊತ್ತಿಗೆ ತಲೆನೋವೆಂದು ಬರುವ ಮಹಿಳೆಯ ಬಗ್ಗೆ ವೈದ್ಯರೊಬ್ಬರು ಹೇಳುತ್ತಾ, ಆಕೆಯ ಕೈಯಲ್ಲಿನ ರಿಪೋರ್ಟುಗಳ ಪ್ಲಾಸ್ಟಿಕ್ ಕವರ್ ಕಂಡೊಡನೆ ತಮಗೆ ಸಿಟ್ಟು ಬರುತ್ತದೆ ಎಂದರು. ಅವರು ಹಿಂದೆ ಸರಿದ ಮೇಲೆ ಒಬ್ಬರು ಆಕೆಯ ಪರವಾಗಿ, "ರಿಪೋರ್ಟೆಲ್ಲ ನಾರ್ಮಲ್ ಎಂದಾಗ ನನ್ನನ್ನು ಬಾಗಿಲಿಗೆ ಕಳಿಸಿದ ಹಾಗಾಗುತ್ತದೆ" ಎಂದರು. ಇನ್ನೊಬ್ಬರು, ವೈದ್ಯರ ಸಿಟ್ಟಿನ ಕೆಳಗಿರುವುದು ಅಸಹಾಯಕತೆ, ಬಹುಶಃ ಆಕೆಯದೂ ಅದೇ ಎಂದರು. ಮರಳಿ ಮಾತಿಗೆ ಬಂದ ವೈದ್ಯರಿಗೆ, ಎರಡು ವರ್ಷಗಳಲ್ಲಿ ಆಕೆಯ ಮನೆಯಲ್ಲಿ ಯಾರಿದ್ದಾರೆಂದು ಒಮ್ಮೆಯೂ ಕೇಳಿಲ್ಲವೆಂಬುದು ಹೊಳೆಯಿತು. ಮುಂದಿನ ವಾರ ಅವರು ಕವರನ್ನು ಬದಿಗಿಟ್ಟು ಅದನ್ನೇ ಕೇಳಿದರು. ತಲೆನೋವು ಹೋಗಲಿಲ್ಲ, ಆಕೆ ಬರುವುದೂ ನಿಲ್ಲಲಿಲ್ಲ. ಆದರೆ ಸಿಟ್ಟಿನಲ್ಲಿ ಮತ್ತೊಂದು ಸ್ಕ್ಯಾನ್ ಬರೆಯುವುದು ನಿಂತಿತು.

ಸಭೆ ನಡೆಸಿಕೊಡಲು ಒಬ್ಬರು ಬೇಕೇ ಬೇಕು, ಸಾಧ್ಯವಾದರೆ ಈ ಕ್ರಮದಲ್ಲಿ ತರಬೇತಿ ಪಡೆದವರು. "ನೀವು ಹೀಗೇಕೆ ಮಾಡಲಿಲ್ಲ?" ಎಂಬ ಪಾಟೀಸವಾಲು ಶುರುವಾದೊಡನೆ ತಡೆಯುವುದು ಅವರ ಮುಖ್ಯ ಕೆಲಸ. ವೈದ್ಯರ ಬಾಲ್ಯವನ್ನೋ ದಾಂಪತ್ಯವನ್ನೋ ಕೆದಕಲು ಹೊರಟರೂ ಅವರು ಮಾತನ್ನು ರೋಗಿಯತ್ತ ತಿರುಗಿಸಬೇಕು. ಇದು ವೈದ್ಯರಿಗೆ ಚಿಕಿತ್ಸೆ ಕೊಡುವ ಜಾಗವಲ್ಲ.

ನಿಮ್ಮಂಥ ಸಣ್ಣ ಊರಿನಲ್ಲಿ ಹೆಸರು ಮರೆಮಾಚಿದರೂ ರೋಗಿಯ ಗುರುತು ಸಿಕ್ಕಿಬಿಡುತ್ತದೆ. ಹಾಗೆ ಗುರುತು ಹತ್ತಿದ ಸದಸ್ಯರು ಕೂಡಲೇ ತಿಳಿಸಬೇಕು, ಆ ಪ್ರಕರಣವನ್ನು ಅಲ್ಲಿಗೇ ಬಿಟ್ಟು ಬೇರೊಂದನ್ನು ಎತ್ತಿಕೊಳ್ಳಬೇಕು ಎಂಬ ನಿಯಮವನ್ನು ಮೊದಲ ದಿನವೇ ಮಾಡಿಕೊಳ್ಳಿ.