ಕ್ರೋಶಾ ಟೊಪ್ಪಿಯ ನೆತ್ತಿ ಗುಂಡಗೆ ಬರುವುದು ಹೇಗೆ?

ನಾನು ಹೆಣೆದ ಟೊಪ್ಪಿಯ ನೆತ್ತಿ ಒಮ್ಮೆ ಚೂಪಾಗುತ್ತದೆ, ಇನ್ನೊಮ್ಮೆ ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಎಲ್ಲಿ ತಪ್ಪುತ್ತಿದೆ?

ಸಿಂಗಲ್ ಕ್ರೋಶಾ ಆದರೆ 6 ಸ್ಟಿಚ್‌ನಿಂದ ಆರಂಭಿಸಿ ಪ್ರತಿ ಸುತ್ತಿಗೂ ಆರಾರು ಹೆಚ್ಚಿಸಿ. ಕೊನೆಯ ಕೆಲವು ಹೆಚ್ಚಳಗಳ ನಡುವೆ ಮಾತ್ರ ಒಂದೊಂದು ಸಾದಾ ಸುತ್ತು ಹಾಕಿ.

ಆರೇ ಏಕೆಂದರೆ, ವೃತ್ತದ ತ್ರಿಜ್ಯ ಒಂದು ಸ್ಟಿಚ್‌ನಷ್ಟು ಬೆಳೆದಾಗ ಸುತ್ತಳತೆ ಅದರ ಆರು ಪಟ್ಟಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಸಿಂಗಲ್ ಕ್ರೋಶಾದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಆರಕ್ಕಿಂತ ಕಡಿಮೆಯಾದರೆ ಅಂಚು ಬಿಗಿದು ನೆತ್ತಿ ಮೇಲೇಳುತ್ತದೆ. ಹೆಚ್ಚಾದರೆ ಸೀರೆಯ ನೆರಿಗೆಯಂತೆ ಅಲೆಯಾಗುತ್ತದೆ.

ಶಿರಸಿಯ ಮಳೆಗಾಲಕ್ಕೆಂದು ನಾನು ಹೆಣೆದ ಮೊದಲ ಟೊಪ್ಪಿ ಚಪ್ಪಟೆಯಾಗಿತ್ತು. ತಲೆಯ ಮೇಲೆ ದೋಸೆಯ ಕಾವಲಿ ಮಗುಚಿದಂತೆ! ಪೂರ್ಣ ಅಗಲ ಬರುವವರೆಗೂ ಹೆಚ್ಚಿಸಿ ಒಮ್ಮೆಲೇ ನಿಲ್ಲಿಸಿದ್ದೇ ತಪ್ಪು. 56 ಸೆಂ.ಮೀ. ತಲೆಗೆ, ಹಿಗ್ಗುವುದನ್ನು ಲೆಕ್ಕಕ್ಕೆ ಹಿಡಿದು, 53 ಸೆಂ.ಮೀ. ಸುತ್ತಳತೆ ಸಾಕು. ನನ್ನ ಉಲ್ಲನ್‌ನಲ್ಲಿ 10 ಸೆಂ.ಮೀ.ಗೆ 16 ಸ್ಟಿಚ್ ಬರುವುದರಿಂದ ಒಟ್ಟು 84 ಬೇಕಾಯಿತು. ಎರಡನೆಯ ಸಲ 60ರವರೆಗೆ ಪ್ರತಿ ಸುತ್ತೂ ಹೆಚ್ಚಿಸಿದೆ. ನಂತರ ಒಂದು ಸುತ್ತು ಸಾದಾ, ಒಂದು ಸುತ್ತು ಹೆಚ್ಚಳ ಎಂಬಂತೆ 66, 72, 78, 84ಕ್ಕೆ ಹೋದೆ. ಅಂಚು ತಾನಾಗಿ ಕೆಳಗೆ ಬಾಗಿತು.

ಇನ್ನೊಂದು ಸಂಗತಿ: ಹೆಚ್ಚಳಗಳು ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಬಿದ್ದರೆ ನೆತ್ತಿಯಲ್ಲಿ ಆರು ಮೂಲೆ ಮೂಡುತ್ತವೆ. ಸುತ್ತು ಬಿಟ್ಟು ಸುತ್ತು ಅವುಗಳ ಜಾಗವನ್ನು ಎರಡು ಮೂರು ಸ್ಟಿಚ್ ಆಚೆ ಸರಿಸಿ.