4,700 ಪದದ ಕಥೆಗೆ 3,000 ಪದದ ಜಾಗ

“ಸರ್, ವಲಸೆ ಕಥಾ ಸಂಕಲನಕ್ಕೆ ಆಲೆಮನೆ ಕೂಲಿಯವನ ಕಥೆ ಕಳಿಸಿದ್ದೀನಿ. 4,700 ಪದ ಆಗಿದೆ. 3,000ಕ್ಕೆ ಇಳಿಸಿದರೆ ಕಥೆಯ ಜೀವವೇ ಹೋಗುತ್ತೆ, ಹೀಗೇ ತಗೊಳ್ಳೋಕಾಗುತ್ತಾ? ಇಲ್ಲಾಂದ್ರೆ ಕೊನೇ ದಿನ ಸ್ವಲ್ಪ ಮುಂದಕ್ಕೆ ಹಾಕ್ತೀರಾ? ದುಡ್ಡು ಯಾವಾಗ ಬರುತ್ತೆ, ಆಮೇಲೆ ಕಥೆ ಹಕ್ಕು ಯಾರದು? — ಮಂಡ್ಯ ತಾಲ್ಲೂಕಿನ ಒಬ್ಬ ಕಥೆಗಾರ”

ಹೀಗೇ ತಗೊಳ್ಳೋಕಾಗಲ್ಲ. ಕಾರಣ ಕಥೆಯ ಗುಣವಲ್ಲ, ಪುಟದ ಲೆಕ್ಕ. ನಮ್ಮದು ಡೆಮಿ ಅಳತೆಯ ಪುಸ್ತಕ, ಪುಟಕ್ಕೆ ಸುಮಾರು 230 ಪದ ಕೂರುತ್ತದೆ. 3,000 ಪದ ಅಂದರೆ ಹದಿಮೂರು ಪುಟ. ಹದಿನಾರು ಕಥೆಗೆ 208 ಪುಟ, ಮುನ್ನುಡಿ ಪರಿವಿಡಿಗೆ ಇನ್ನೊಂದು 16. ಒಟ್ಟು 224, ಅಂದರೆ ಹದಿನಾರು ಪುಟ ಒಟ್ಟಿಗೆ ಅಚ್ಚಾಗುವ ಫಾರಂ ಹದಿನಾಲ್ಕು. ನಿಮ್ಮ ಕಥೆ ಈಗಿರುವಂತೆ 21 ಪುಟ ಹಿಡಿಯುತ್ತದೆ. ಆ ಎಂಟು ಪುಟ ಹೆಚ್ಚಾದರೆ ಅರ್ಧ ಫಾರಂ ಏರುತ್ತದೆ, ಇಲ್ಲವೇ ಇನ್ನೊಬ್ಬರ ಕಥೆ ಬಿಡಬೇಕಾಗುತ್ತದೆ. ನೂರು ಪದ ಆಚೀಚೆಯಾದರೆ ತಕರಾರಿಲ್ಲ. ಪದಗಳನ್ನು ಅಂಟಿಸಿ ಲೆಕ್ಕ ಇಳಿಸುವ ಉಪಾಯವನ್ನೂ ಕೆಲವರು ಮಾಡುತ್ತಾರೆ. ಅದರಿಂದ ಪದ ಕಮ್ಮಿಯಾಗುತ್ತದೆ, ಪುಟ ಕಮ್ಮಿಯಾಗಲ್ಲ.

ಇನ್ನು ಜೀವದ ಮಾತು. ನಿಮ್ಮ ಕಥೆಯ ಜೀವ ಇರುವುದು ಒಲೆಯ ಮುಂದೆ, ಅದು ಶುರುವಾಗುವುದು ಆರನೇ ಪುಟದಲ್ಲಿ. ಅದಕ್ಕೆ ಮೊದಲು 1,150 ಪದ ಉತ್ತರ ಪ್ರದೇಶದ ಹಳ್ಳಿ, ನೆರೆ, ಸಾಲ, ಜನರಲ್ ಬೋಗಿಯ ಪ್ರಯಾಣಕ್ಕೆ ಹೋಗಿದೆ. ನಮಗೆ ಬರುವ ವಲಸೆ ಕಥೆಗಳಲ್ಲಿ ಹೆಚ್ಚಿನವು ರೈಲಿನಲ್ಲೇ ಶುರುವಾಗುತ್ತವೆ, ಹೆಸರು ಮುಚ್ಚಿ ಓದಿದರೆ ಯಾರ ರೈಲು ಯಾವುದು ಎಂದು ಗೊತ್ತಾಗಲ್ಲ. ಅದರಲ್ಲಿ ಉಳಿಯಬೇಕಾದ್ದು ಒಂದೇ: ನಿಮ್ಮ ಕಥಾನಾಯಕ ರಾಮಪಾಲ, ಮೇಸ್ತ್ರಿ ಹತ್ತಿರ ಮುಂಗಡ ಇಸ್ಕೊಂಡೇ ಹೊರಟಿದ್ದ ಎನ್ನುವುದು. ಅದಕ್ಕೆ 150 ಪದ ಸಾಕು. ಸಾವಿರ ಪದ ಅಲ್ಲೇ ಇಳಿಯಿತು.

ಆಮೇಲೆ ಕೆಆರ್‌ಎಸ್, ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿ ಎಂದು 400 ಪದದ ಚರಿತ್ರೆ ಇದೆ. ಮಾಹಿತಿ ಸರಿಯಾಗಿಯೇ ಇದೆ. ಆದರೆ ಮೊನ್ನೆ ಬಂದಿಳಿದ ಹುಡುಗನಿಗೆ ಅದು ಹೇಗೆ ಗೊತ್ತು? ಅವನ ಕಣ್ಣಿಗೆ ಕಾಣುವುದು ನಾಲೆಯ ನೀರು, ಕಬ್ಬು ತುಂಬಿದ ಟ್ರ್ಯಾಕ್ಟರು. ಆ ಭಾಗ ಪೂರ್ತಿ ತೆಗೆಯಿರಿ.

ಇಳಿಸಬೇಕಾದ ಉಳಿದ ಮುನ್ನೂರು ಪದ ಇಂಥ ಕಡೆ ಸಿಗುತ್ತದೆ. ನೀವು ಬರೆದದ್ದು:

“ರಾತ್ರಿಯ ಕಗ್ಗತ್ತಲಲ್ಲಿ ಧಗಧಗನೆ ಉರಿಯುತ್ತಿದ್ದ ಒಲೆಯ ಮುಂದೆ ಕುಳಿತುಕೊಂಡಿದ್ದ ರಾಮಪಾಲನ ಮನಸ್ಸಿನಲ್ಲಿ ದೂರದ ತನ್ನ ಊರಿನ, ತನ್ನ ತಾಯಿಯ, ತನ್ನ ಹೆಂಡತಿಯ ನೆನಪುಗಳು ಒಂದರ ಹಿಂದೆ ಒಂದರಂತೆ ಅಲೆಗಳಾಗಿ ಬಂದು ಅಪ್ಪಳಿಸತೊಡಗಿದವು. ಅವನ ಕಣ್ಣುಗಳಲ್ಲಿ ನೀರು ತುಂಬಿಕೊಂಡಿತು. ಬಡತನವೆಂಬುದು ಎಷ್ಟು ಕ್ರೂರ ಎಂದು ಅವನಿಗೆ ಅನ್ನಿಸಿತು.”

ಇದು 33 ಪದ. ಹೀಗೆ ಮಾಡಿದರೆ:

“ರಾಮಪಾಲ ಒಲೆಗೆ ಸಿಪ್ಪೆ ತಳ್ಳಿದ. ಮನೆಯಿಂದ ಫೋನು ಬಂತು. ಕೈ ಬಿಡುವಂತಿರಲಿಲ್ಲ, ಹೊಡೆದುಕೊಂಡು ನಿಂತಿತು.”

ಹನ್ನೊಂದು ಪದ. ಫೋನನ್ನು ನಾವು ಹುಟ್ಟಿಸಿದ್ದಲ್ಲ, ನಿಮ್ಮ ಹತ್ತನೇ ಪುಟದಲ್ಲೇ ಇದೆ. ಅಲ್ಲಿ ಸುಮ್ಮನೆ ಬಿದ್ದಿದ್ದನ್ನು ಇಲ್ಲಿಗೆ ತಂದೆವು. ಪಾಕ ಹದಕ್ಕೆ ಬರುವ ಹೊತ್ತಿನಲ್ಲಿ ಉರಿ ತಗ್ಗಿದರೂ ಕಷ್ಟ, ಏರಿದರೂ ಕಷ್ಟ, ಬೆಲ್ಲ ಕೆಡುತ್ತದೆ. ಅವನು ಯಾಕೆ ಫೋನು ಎತ್ತಲಿಲ್ಲ ಎನ್ನುವುದಕ್ಕೆ ಅಷ್ಟೇ ಕಾರಣ ಸಾಕು, ಕಣ್ಣೀರು ಬೇಡ.

ಸಿಪ್ಪೆ ಎಂದು ಬರೆದದ್ದಕ್ಕೂ ಕಾರಣವಿದೆ. ನೀವು ಕಥೆಯುದ್ದಕ್ಕೂ ಒಲೆಗೆ ಸೌದೆ ಹಾಕಿಸಿದ್ದೀರಿ. ಆಲೆಮನೆಯಲ್ಲಿ ಉರಿಸುವುದು ಗಾಣದಲ್ಲಿ ಹಾಲು ಹಿಂಡಿದ ಮೇಲೆ ಉಳಿದ, ಬಿಸಿಲಿಗೆ ಹರವಿ ಒಣಗಿಸಿದ ಕಬ್ಬಿನ ಸಿಪ್ಪೆ. ಮಂಡ್ಯದ ಓದುಗರು ಇಂಥದ್ದನ್ನು ಮೊದಲ ಸಲಕ್ಕೇ ಹಿಡಿಯುತ್ತಾರೆ. ಇದನ್ನು ಸರಿ ಮಾಡಿದರೆ ಕಥೆಗೂ ಲಾಭ. ನಿಮ್ಮ ಕಥೆಯಲ್ಲಿ ಕೂಲಿ, ಪಾಕ ಕಾಯಿಸಿ ಇಳಿಸಿದ ಕೊಪ್ಪರಿಗೆಯ ಲೆಕ್ಕದಲ್ಲಿದೆ, ಕೊನೆಗೆ ಮೂರು ದಿನ ಮಳೆಯೂ ಬರುತ್ತದೆ. ಆದರೆ ಆ ಮಳೆಯನ್ನು ನೀವು ಬರೀ ಬೇಸರಕ್ಕೆ ಬಳಸಿದ್ದೀರಿ. ಮಳೆ ಬಂದರೆ ಸಿಪ್ಪೆ ಒಣಗಲ್ಲ, ಒಲೆ ಹತ್ತಲ್ಲ, ಕೊಪ್ಪರಿಗೆ ಇಳಿಯಲ್ಲ, ಕೂಲಿ ಹುಟ್ಟಲ್ಲ. ತಿಂದ ಊಟ ಮಾತ್ರ ಮುಂಗಡದ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಅವನು ಯಾಕೆ ಊರಿಗೆ ಹೋಗಲಾರ ಎನ್ನುವುದಕ್ಕೆ ನೀವು ಎರಡು ಪುಟ ಭಾಷಣ ಬರೆದಿದ್ದೀರಿ, ಈ ಮಳೆ ಅದನ್ನು ಅರ್ಧ ಪುಟದಲ್ಲಿ ಹೇಳುತ್ತದೆ.

ಮಾತಿನ ವಿಷಯವೂ ಒಂದಿದೆ. ಬಂದು ಎರಡು ತಿಂಗಳಾದ ರಾಮಪಾಲ ಮಾಲೀಕರ ಹತ್ತಿರ ಪುಸ್ತಕದ ಕನ್ನಡದಲ್ಲಿ ವಾದ ಮಾಡುತ್ತಾನೆ. ಆಲೆಮನೆಯಲ್ಲಿ ಅವನ ಕನ್ನಡ ಅರ್ಧ, ಮಾಲೀಕರ ಹಿಂದಿ ಅದಕ್ಕಿಂತ ಅರ್ಧ. “ಏಯ್, ಆಗ್ ಕಮ್ಮಿ ಆಯ್ತು ಕಣೋ, ಜಲ್ದಿ ಡಾಲೋ” ಅನ್ನುವ ಥರದ ಮಾತು. ಸಂಬಳ ಕೇಳಬೇಕಾದ ಹೊತ್ತಿನಲ್ಲಿ ಅವನಿಗೆ ಸಂಖ್ಯೆ ಬಿಟ್ಟು ಬೇರೆ ಶಬ್ದ ಸಿಗದಿದ್ದರೆ ಆ ದೃಶ್ಯ ಮನಸ್ಸಿನಲ್ಲಿ ನಿಲ್ಲುತ್ತದೆ.

ಕೊನೇ ದಿನ ಜನವರಿ 31, ಮುಂದಕ್ಕೆ ಹೋಗಲ್ಲ. ಹೊತ್ತಿಗೆ ಸರಿಯಾಗಿ ಕಳಿಸಿದವರಿಗೆ ಅದು ಅನ್ಯಾಯ. ಆಯ್ಕೆಯಾದ ಕಥೆಗೆ ತಿದ್ದಲು ಹತ್ತು ದಿನ ಹೇಗೂ ಕೊಡುತ್ತೇವೆ, ಆದ್ದರಿಂದ ಈಗ ನಯ ಮಾಡುತ್ತಾ ಕೂರಬೇಡಿ, ಅಳತೆಗೆ ತನ್ನಿ ಸಾಕು. ಕಡತ ಯೂನಿಕೋಡ್‌ನಲ್ಲಿರಲಿ. ನೀವು ಕಳಿಸಿದ್ದು ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘ ಇರುವ ಕಡೆ ಕೆಟ್ಟಿರುವ ಸಾಧ್ಯತೆ ಹೆಚ್ಚು, ಒಮ್ಮೆ ಪೂರ್ತಿ ಓದಿ ನೋಡಿಕೊಂಡು ಕಳಿಸಿ.

ದುಡ್ಡು: ಕಥೆಗೆ 3,000 ರೂಪಾಯಿ, ಪದದ ಲೆಕ್ಕವಲ್ಲ. 2,000 ಪದಕ್ಕೂ ಅಷ್ಟೇ, 3,000ಕ್ಕೂ ಅಷ್ಟೇ. ಒಪ್ಪಂದಕ್ಕೆ ಸಹಿ ಹಾಕಿದಾಗ 1,000, ಪುಸ್ತಕ ಬಂದ ಮೂವತ್ತು ದಿನದೊಳಗೆ 2,000, ಜೊತೆಗೆ ಎರಡು ಪ್ರತಿ. ನೀವು ಪ್ರತಿ ಕೊಳ್ಳಬೇಕೆಂಬ ಷರತ್ತಿಲ್ಲ, ಪ್ರವೇಶ ಶುಲ್ಕವೂ ಇಲ್ಲ. ಬೇರೆ ಯಾರಾದರೂ “ಇಪ್ಪತ್ತು ಪ್ರತಿ ತಗೊಂಡರೆ ಕಥೆ ಹಾಕ್ತೀವಿ” ಅಂದರೆ, ಅಲ್ಲಿ ಲೇಖಕನೇ ಗಿರಾಕಿ ಎಂದು ತಿಳಿದುಕೊಳ್ಳಿ.

ಹಕ್ಕು ನಿಮ್ಮದೇ. ನಾವು ಕೇಳುವುದು ಕನ್ನಡದಲ್ಲಿ, ಈ ಸಂಕಲನದಲ್ಲಿ, ಮೂರು ವರ್ಷ ಮುದ್ರಿಸುವ ಅನುಮತಿ. ಅನುವಾದ, ಆಡಿಯೋ, ಸಿನಿಮಾ ಯಾವುದೂ ಅದರಲ್ಲಿ ಸೇರಲ್ಲ. ಒಪ್ಪಂದದಲ್ಲಿ ಅವಧಿ ಬರೆದಿದೆಯೇ ಎಂದು ತಪ್ಪದೆ ನೋಡಿ, ನಮ್ಮದಾಗಲಿ ಬೇರೆಯವರದಾಗಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕನ್ನು ವಹಿಸಿಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಇಡೀ ಭಾರತ ಎಂದೂ ಕಾನೂನು ಎಣಿಸುತ್ತದೆ. “ಎಲ್ಲ ಹಕ್ಕು ಪ್ರಕಾಶಕರದು” ಎಂಬ ಒಂದು ಸಾಲಿಗೆ ಸಹಿ ಹಾಕಿ, ನಾಳೆ ಯಾರಾದರೂ ಈ ಕಥೆಯನ್ನು ಕಿರುಚಿತ್ರ ಮಾಡುತ್ತೇವೆ ಎಂದು ಬಂದರೆ, ನೀವೇ ಪ್ರಕಾಶಕರ ಅಪ್ಪಣೆ ಕೇಳಬೇಕಾದೀತು.

ಬ್ಯಾಂಕ್ ವಿವರ ಈಗ ಕಳಿಸಬೇಡಿ, ಆಯ್ಕೆಯಾದ ಮೇಲೆ ಕೇಳುತ್ತೇವೆ. ಹೆಸರು, ಊರು, ಪದಸಂಖ್ಯೆ ಇವಿಷ್ಟನ್ನು ಇಮೇಲ್‌ನಲ್ಲಿ ಬರೆಯಿರಿ. ಕಥೆಯ ಪುಟದಲ್ಲಿ ಹೆಸರು ಬೇಡ, ಆಯ್ಕೆ ಮಾಡುವವರು ಹೆಸರಿಲ್ಲದೆ ಓದುತ್ತಾರೆ.